8 ಸುತ್ತಿಗೆ 3, 3 ಸುತ್ತಿಗೆ 1: ಪುಲ್ಲಿಯ ಲೆಕ್ಕ ಸರಿಯಿದೆಯೇ?

ಅಡಿಕೆ ಕೊಯ್ಲಿನ ನಡುವೆ ಸುಲಿಯುವ ಯಂತ್ರದ ಮೋಟಾರು ಸುಟ್ಟುಹೋಯಿತೆಂದರೆ ಬೆಳೆಗಾರನಿಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಕೊನೆ ಇಳಿಸಿ ಆಗಿದೆ, ಹಸಿ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿದೆ, ಸುಲಿದು ಬೇಯಿಸದೆ ಇಟ್ಟಷ್ಟೂ ಬಣ್ಣ ಕೆಡುತ್ತದೆ. ವೈಂಡಿಂಗ್ ಅಂಗಡಿಯವರು ನಾಲ್ಕು ದಿನ ಕೇಳುತ್ತಾರೆ. ಅಷ್ಟರಲ್ಲಿ ಯಾರಾದರೂ ಬಳಸಿದ ಮೋಟಾರೊಂದನ್ನು ತೋರಿಸುತ್ತಾರೆ. ಅದೂ 2 ಎಚ್‌ಪಿ, ಇದೂ 2 ಎಚ್‌ಪಿ. ಬೆಲೆ ಕಡಿಮೆ, ಕೈಗೆ ಕೂಡಲೇ ಸಿಗುತ್ತದೆ. ತಂದು ಕೂರಿಸಿದ ಮೇಲೆ ನೇಮ್‌ಪ್ಲೇಟ್ ಒರೆಸಿ ನೋಡಿದರೆ ಹಳೆಯದರಲ್ಲಿ 1440 ಆರ್‌ಪಿಎಂ ಇತ್ತು, ಇದರಲ್ಲಿ 960 ಎಂದಿದೆ.

ಭದ್ರಾವತಿ ತಾಲ್ಲೂಕಿನ ಅಚ್ಚುಕಟ್ಟಿನಲ್ಲಿ ಭತ್ತದ ಗದ್ದೆಗಳು ತೋಟಗಳಾದ ಮೇಲೆ ಇಂಥ ಮೋಟಾರುಗಳು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆಯ ಲೇತು ಅಂಗಡಿಗಳಿಗೂ ಮಾಚೇನಹಳ್ಳಿ ಸುತ್ತಿನ ಶೆಡ್ಡುಗಳಿಗೂ ಬರುವುದು ಸಾಮಾನ್ಯ. ಅಂಗಡಿಯವನ ಮುಂದೆ ನಿಂತವರು ಕೇಳುವುದು ಒಂದೇ ಪ್ರಶ್ನೆ: ಯಂತ್ರ ಮೊದಲಿನ ವೇಗದಲ್ಲೇ ಓಡಬೇಕು, ಮೋಟಾರಿಗೆ ಎಷ್ಟು ಇಂಚಿನ ಪುಲ್ಲಿ ಹಾಕಲಿ? ಈ ಪ್ರಶ್ನೆಗೆ ಉತ್ತರ ಹೇಳುವುದು ಅರ್ಧ ನಿಮಿಷದ ಕೆಲಸ. ಹೇಳಿದ ಉತ್ತರ ಸರಿಯೇ ಎಂದು ಪುಲ್ಲಿ ಕಡೆಯುವ ಮೊದಲು ಗೊತ್ತುಮಾಡಿಕೊಳ್ಳುವುದು ಬೇರೆ ಕೆಲಸ. ಈ ಎರಡನೆಯದರ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ಯಂತ್ರದ ಲೆಕ್ಕವನ್ನು ಹೀಗಿಟ್ಟುಕೊಳ್ಳೋಣ. ಕಂಪನಿಯಿಂದ ಕಂಪನಿಗೆ ಅಳತೆ ಬೇರೆ ಇರುತ್ತದೆ, ಆದರೆ ಜೋಡಣೆಯ ಕ್ರಮ ಹೆಚ್ಚುಕಡಿಮೆ ಇದೇ. ಹಳೆಯ ಮೋಟಾರಿನ ಶಾಫ್ಟಿಗೆ 3 ಇಂಚಿನ ಪುಲ್ಲಿ. ಅದರಿಂದ ವಿ ಬೆಲ್ಟು ಹೋಗಿ ನಡುವಿನ ಶಾಫ್ಟಿನ 12 ಇಂಚಿನ ಪುಲ್ಲಿಯನ್ನು ತಿರುಗಿಸುತ್ತದೆ. ಅದೇ ನಡುವಿನ ಶಾಫ್ಟಿನ ಇನ್ನೊಂದು ತುದಿಯಲ್ಲಿ 14 ಹಲ್ಲಿನ ಸ್ಪ್ರಾಕೆಟ್, ಅಲ್ಲಿಂದ ಚೈನು ಹೋಗಿ ಸುಲಿಯುವ ಡ್ರಮ್ಮಿನ 42 ಹಲ್ಲಿನ ಸ್ಪ್ರಾಕೆಟ್ಟಿಗೆ. ಬೆಲ್ಟಿನಲ್ಲಿ ವೇಗ ನಾಲ್ಕನೇ ಒಂದಾಗಿ 1440 ಹೋಗಿ 360 ಆಗುತ್ತದೆ. ಚೈನಿನಲ್ಲಿ ಅದು ಮತ್ತೆ ಮೂರನೇ ಒಂದಾಗಿ ಡ್ರಮ್ಮು ನಿಮಿಷಕ್ಕೆ 120 ಸುತ್ತು ಹಾಕುತ್ತದೆ. ನಮಗೆ ಬೇಕಾದದ್ದು ಈ 120. ಇದಕ್ಕಿಂತ ತುಂಬಾ ಜಾಸ್ತಿಯಾದರೆ ಅಡಿಕೆಗೆ ಗಾಯವಾಗುತ್ತದೆ, ಹೋಳಾಗುತ್ತದೆ; ಕಡಿಮೆಯಾದರೆ ಸಿಪ್ಪೆ ಪೂರ್ತಿ ಬಿಡದೆ ಆಳು ಕೂತು ಮತ್ತೆ ಮೆಟ್ಟುಗತ್ತಿ ಹಿಡಿಯಬೇಕಾಗುತ್ತದೆ.

ಇಂಥ ಒಂದು ಮಾತುಕತೆಗೆ ನಾನು ಪಕ್ಕದಲ್ಲಿ ನಿಂತಿದ್ದೆ. ಬೆಳೆಗಾರರ ಜೊತೆ ಬಂದಿದ್ದ ಅವರ ಅಳಿಯ ಡಿಪ್ಲೊಮಾ ಓದುವ ಹುಡುಗ. "ಮಾವ, 1440 ಇದ್ದಿದ್ದು 960 ಆಯ್ತು, ಅಂದ್ರೆ ಮೂರರಲ್ಲಿ ಎರಡು ಪಾಲು. ಪುಲ್ಲಿನೂ ಮೂರರಲ್ಲಿ ಎರಡು ಪಾಲು ಮಾಡಿದ್ರೆ ಸರಿಹೋಯ್ತಲ್ಲ, ಎರಡು ಇಂಚು" ಎಂದ. ಲೇತಿನವನು ನಗಲಿಲ್ಲ, ಬಯ್ಯಲೂ ಇಲ್ಲ. ಬೆಂಚಿನ ಮೇಲಿದ್ದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಂಖ್ಯೆ ಬರೆದ. 3 × 1440 = 4320. ಕೆಳಗೆ 12 × 360 = 4320. ಅದರ ಕೆಳಗೆ 2 × 960 = 1920. "ತಮ್ಮಾ, ಮೇಲಿನ ಎರಡು ಒಂದೇ ಇದೆ, ನಿನ್ನದು ಅದಕ್ಕೆ ಕೂಡ್ತಾ ಇಲ್ಲ ನೋಡು" ಎಂದ.

ಈ 4320 ಏನು? ಬೆಲ್ಟಿನ ಓಟ, ಅಷ್ಟೇ. 3 ಇಂಚಿನ ಪುಲ್ಲಿ ಒಂದು ಸುತ್ತು ಬಂದರೆ ತನ್ನ ಸುತ್ತಳತೆಯಷ್ಟು, ಅಂದರೆ 9.42 ಇಂಚು ಬೆಲ್ಟನ್ನು ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 1440 ಸುತ್ತಾದರೆ ಸುಮಾರು 13,570 ಇಂಚು, ಅಂದರೆ 1,130 ಅಡಿ ಬೆಲ್ಟು ಅದರ ಮೇಲಿಂದ ಹಾದುಹೋಗುತ್ತದೆ. ಆ ಬೆಲ್ಟು ಎಲ್ಲಿಗೂ ಹೋಗುವುದಿಲ್ಲ, ನಡುವೆ ಹುಟ್ಟುವುದೂ ಇಲ್ಲ. ಅಷ್ಟೂ ದೊಡ್ಡ ಪುಲ್ಲಿಯ ಮೇಲೆಯೇ ಹಾಯಬೇಕು. ದೊಡ್ಡದರ ಸುತ್ತಳತೆ 37.7 ಇಂಚು. 360 ಸುತ್ತಿಗೆ ಮತ್ತೆ ಅದೇ 13,570 ಇಂಚು. ಎರಡು ಕಡೆಯೂ 3.14 ಇರುವುದರಿಂದ ಅದನ್ನು ಬಿಟ್ಟು ಬರೀ ವ್ಯಾಸವನ್ನು ಸುತ್ತಿನಿಂದ ಗುಣಿಸಿದರೆ ಸಾಕು. ಉತ್ತರ ಸರಿಯಿದ್ದರೆ ಕೊಡುವ ಪುಲ್ಲಿಯ ಗುಣಲಬ್ಧವೂ ತೆಗೆದುಕೊಳ್ಳುವ ಪುಲ್ಲಿಯ ಗುಣಲಬ್ಧವೂ ಒಂದೇ ಬರಬೇಕು. ಬರದಿದ್ದರೆ ಬೆಲ್ಟು ಹರಿದಿರಬೇಕು, ಇಲ್ಲವೇ ಲೆಕ್ಕ ತಪ್ಪಿರಬೇಕು.

ಹುಡುಗನ 2 ಇಂಚನ್ನು ಕೊನೆಯ ತನಕ ಓಡಿಸಿ ನೋಡೋಣ. 1920 ಅನ್ನು 12ರಿಂದ ಭಾಗಿಸಿದರೆ ನಡುವಿನ ಶಾಫ್ಟಿಗೆ 160 ಸುತ್ತು, ಡ್ರಮ್ಮಿಗೆ 53. ಬೇಕಾದ 120ರಲ್ಲಿ ಅರ್ಧವೂ ಇಲ್ಲ. ಮೋಟಾರು ನಿಧಾನವಾದದ್ದು ಒಂದು ಪೆಟ್ಟು, ಪುಲ್ಲಿ ಸಣ್ಣದಾದದ್ದು ಇನ್ನೊಂದು ಪೆಟ್ಟು, ಎರಡೂ ಒಂದೇ ದಿಕ್ಕಿಗೆ ಬಿದ್ದವು. ಮೋಟಾರು ನಿಧಾನವಾದಾಗ ಒಂದೊಂದು ಸುತ್ತಿಗೂ ಹೆಚ್ಚು ಬೆಲ್ಟು ಎಳೆಯಬೇಕು, ಹಾಗಾಗಿ ಅದರ ಪುಲ್ಲಿ ದೊಡ್ಡದಾಗಬೇಕು. 4320 ಅನ್ನು 960ರಿಂದ ಭಾಗಿಸಿದರೆ 4.5 ಇಂಚು. ತಿರುಗಿಸಿ ನೋಡಿದರೆ 4.5 × 960 = 4320, 12 × 360 = 4320. ಕೂಡಿತು.

ಉಲ್ಟಾ ಭಾಗಿಸುವ ತಪ್ಪು ಇಡೀ ವಿಷಯದಲ್ಲೇ ಅತಿ ಸಾಮಾನ್ಯವಾದದ್ದು. ಅದನ್ನು ಹಿಡಿಯಲು ಸೂತ್ರವನ್ನು ಎರಡನೇ ಸಲ ಬಿಡಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಮೊದಲ ಸಲ ಉಲ್ಟಾ ಬರೆದ ಕೈ ಎರಡನೇ ಸಲವೂ ಹಾಗೆಯೇ ಬರೆಯುತ್ತದೆ. ಬಂದ ಉತ್ತರವನ್ನು ಯಂತ್ರಕ್ಕೆ ಹಾಕಿ ಮುಂದಕ್ಕೆ ಓಡಿಸಿ, ಡ್ರಮ್ಮಿನ ಸುತ್ತು ಎಷ್ಟು ಬಂತು ಎಂದು ನೋಡುವುದೇ ಪರೀಕ್ಷೆ. ಹುಡುಗನ 2 ಇಂಚಿಗೆ ಇನ್ನೊಂದು ತೊಡಕೂ ಇತ್ತು. ಈ ಅಳತೆಯ ಯಂತ್ರಗಳಲ್ಲಿ ಹಾಕುವುದು ಎ ಸೆಕ್ಷನ್ ಬೆಲ್ಟು. ಅದನ್ನು ಸುಮಾರು 75 ಮಿಲಿಮೀಟರಿಗಿಂತ ಸಣ್ಣ ಪುಲ್ಲಿಯ ಮೇಲೆ ಓಡಿಸಬಾರದು ಎನ್ನುವುದು ರೂಢಿಯ ಮಿತಿ. 3 ಇಂಚಿನದೇ ಅಂಚಿನಲ್ಲಿದೆ. 2 ಇಂಚಿನ ಮೇಲೆ ಬೆಲ್ಟು ಮಡಚಿ ಮಡಚಿ ಬಿಸಿಯಾಗಿ ಬಿರುಕು ಬಿಡುತ್ತದೆ, ಅಪ್ಪಿ ಹಿಡಿಯಲು ಜಾಗ ಸಾಲದೆ ಜಾರುತ್ತದೆ.

ಮೋಟಾರಿನ ಮೇಲೆ 1440, 960 ಎಂಬ ಸಂಖ್ಯೆಗಳು ಎಲ್ಲಿಂದ ಬಂದವು ಎನ್ನುವುದನ್ನೂ ಹೇಳಬೇಕು, ಏಕೆಂದರೆ ಮುಂದಿನ ಪರೀಕ್ಷೆಗೆ ಅದು ಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತ. ನಾಲ್ಕು ಧ್ರುವದ ಮೋಟಾರಿನೊಳಗೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಹಾಕುತ್ತದೆ, ಆರು ಧ್ರುವದ್ದರಲ್ಲಿ 1000. ರೋಟರು ಯಾವಾಗಲೂ ಅದಕ್ಕಿಂತ ಸ್ವಲ್ಪ ಹಿಂದೆ. ಪೂರ್ಣ ಹೊರೆ ಬಿದ್ದಾಗ ಅದು 1440ಕ್ಕೂ 960ಕ್ಕೂ ಇಳಿಯುತ್ತದೆ, ನೇಮ್‌ಪ್ಲೇಟಿನಲ್ಲಿ ಬರೆದಿರುವುದು ಆ ವೇಗ. ಹೊರೆ ಇಲ್ಲದೆ ಓಡಿದರೆ 1490ರ, 990ರ ಆಸುಪಾಸಿನಲ್ಲಿ ಇರುತ್ತದೆ. ಆವರ್ತ ಬದಲಾದರೆ ಎಲ್ಲವೂ ಬದಲು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು 25 ಆವರ್ತದ ವಿದ್ಯುತ್ತು. ಅಲ್ಲಿ ನಾಲ್ಕು ಧ್ರುವದ ಮೋಟಾರು 1500ರ ಬದಲು 750ರ ಒಳಗೇ ತಿರುಗಬೇಕು. 1948ರಲ್ಲಿ ಜೋಗದಲ್ಲಿ ಶುರುವಾದ ವಿದ್ಯುದಾಗಾರ 50 ಆವರ್ತದ್ದು. ಒಂದೇ ಪುಲ್ಲಿ, ಒಂದೇ ಯಂತ್ರ, ಆದರೆ ಸುತ್ತು ಅರ್ಧಕ್ಕರ್ಧ ಬೇರೆ. ಹಾಗಾಗಿ ಕೊಡುವ ಕಡೆಯ ವೇಗವನ್ನು ಊಹಿಸಿ ಬರೆದುಕೊಳ್ಳಬಾರದು, ನೋಡಿಯೇ ಬರೆದುಕೊಳ್ಳಬೇಕು.

ಈಗ ನಡುವಿನ ಶಾಫ್ಟಿನ ವಿಷಯ. ಪರೀಕ್ಷೆಯ ಹಾಳೆಯಲ್ಲಿ ಜಾಣರೂ ಎಡವುವ ಜಾಗ ಇದು. ಬೆಲ್ಟಿನಿಂದ ಜೋಡಿಸಿದ ಎರಡು ಪುಲ್ಲಿಗಳಿಗೆ ಅಂಚಿನ ವೇಗ ಒಂದೇ, ಸುತ್ತು ಬೇರೆ. ಒಂದೇ ಶಾಫ್ಟಿಗೆ ಕೀ ಹೊಡೆದು ಕೂರಿಸಿದ ಎರಡು ಚಕ್ರಗಳಿಗೆ ಸುತ್ತು ಒಂದೇ, ಅಂಚಿನ ವೇಗ ಬೇರೆ. ನಡುವಿನ ಶಾಫ್ಟಿನ 12 ಇಂಚಿನ ಪುಲ್ಲಿ 360 ಸುತ್ತು ಬಂದರೆ ಅದರ ಜೊತೆಗಿರುವ 14 ಹಲ್ಲಿನ ಸ್ಪ್ರಾಕೆಟ್ಟೂ 360 ಸುತ್ತೇ ಬರುತ್ತದೆ, ಅದರ ಗಾತ್ರ ಏನೇ ಇರಲಿ. ಇದನ್ನು ಮರೆತು 4320 ಅನ್ನು ಚೈನಿನ ಕಡೆಗೂ ಎಳೆದುಕೊಂಡು ಹೋದರೆ ಉತ್ತರ ಹಾಳು. ಚೈನಿಗೆ ಹೊಸ ಲೆಕ್ಕ: 14 × 360 = 5040 ಹಲ್ಲು, ಡ್ರಮ್ಮಿನ ಕಡೆ 42 × 120 = 5040 ಹಲ್ಲು. ನಿಮಿಷಕ್ಕೆ ಅಷ್ಟು ಚೈನಿನ ಕೊಂಡಿಗಳು ಎರಡೂ ಚಕ್ರಗಳ ಮೇಲೆ ಹಾಯುತ್ತವೆ ಎಂದರ್ಥ.

ಇನ್ನೊಂದು ತಪ್ಪು, ಎರಡು ಹಂತದ ಅನುಪಾತಗಳನ್ನು ಕೂಡಿಬಿಡುವುದು. ಬೆಲ್ಟಿನಲ್ಲಿ 4, ಚೈನಿನಲ್ಲಿ 3, ಒಟ್ಟು 7 ಎಂದು ಬರೆದವರನ್ನು ನೋಡಿದ್ದೇನೆ. ಅಂಥವರಿಗೆ ಸೂತ್ರ ಹೇಳುವ ಬದಲು ಸುತ್ತು ಎಣಿಸಲು ಹೇಳಬೇಕು. ಮೋಟಾರನ್ನು 7 ಸುತ್ತು ತಿರುಗಿಸು, ನಡುವಿನ ಶಾಫ್ಟು ಎಷ್ಟು ಬಂತು? ಒಂದೂಮುಕ್ಕಾಲು. ಡ್ರಮ್ಮು? ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಒಂದು ಸುತ್ತು ಆಗಲಿಲ್ಲವಲ್ಲ. 12 ಸುತ್ತು ತಿರುಗಿಸು. ನಡುವಿನದು 3, ಡ್ರಮ್ಮು 1. ಆದ್ದರಿಂದ ಗುಣಿಸಬೇಕು, 4 × 3 = 12. ಹೊಸ ಜೋಡಣೆಯಲ್ಲಿ 4.5ಕ್ಕೆ 12 ಎಂದರೆ 3ಕ್ಕೆ 8. ಮೋಟಾರಿನ 8 ಸುತ್ತಿಗೆ ನಡುವಿನ ಶಾಫ್ಟು 3, ಆ 3 ಸುತ್ತಿಗೆ ಡ್ರಮ್ಮು 1. ಒಟ್ಟು 8. 960 ಅನ್ನು 8ರಿಂದ ಭಾಗಿಸಿದರೆ 120. ಭಿನ್ನರಾಶಿ ಇಲ್ಲದೆ ಪೂರ್ಣ ಸುತ್ತುಗಳಲ್ಲಿ ಹೀಗೆ ಓದಿಕೊಂಡರೆ ತಪ್ಪು ಕಣ್ಣಿಗೆ ರಾಚುತ್ತದೆ. ನಾನಂತೂ ಆರ್‌ಪಿಎಂ ಲೆಕ್ಕಕ್ಕಿಂತ ಇದನ್ನೇ ಹೆಚ್ಚು ನಂಬುತ್ತೇನೆ.

ಗೇರುಗಳಲ್ಲೂ ಇದೇ ಮಾತು, ಬೆಲ್ಟಿನ ಉದ್ದದ ಬದಲು ಹಲ್ಲುಗಳನ್ನು ಎಣಿಸುವುದಷ್ಟೇ ವ್ಯತ್ಯಾಸ. 20 ಹಲ್ಲಿನ ಗೇರು 60 ಹಲ್ಲಿನದಕ್ಕೆ ಕಚ್ಚಿದ್ದರೆ ಚಿಕ್ಕದು 3 ಸುತ್ತು ಬರುವಾಗ 60 ಹಲ್ಲು ದಾಟುತ್ತದೆ, ದೊಡ್ಡದು 1 ಸುತ್ತು ಮುಗಿಸುತ್ತದೆ. ಎರಡರ ನಡುವೆ 35 ಹಲ್ಲಿನ ಇನ್ನೊಂದು ಗೇರನ್ನು ಇಟ್ಟರೂ ಅನುಪಾತ 3 ಆಗಿಯೇ ಉಳಿಯುತ್ತದೆ. ಒಂದು ಕಡೆಯಿಂದ ಬಂದ 60 ಹಲ್ಲನ್ನು ಅದು ಇನ್ನೊಂದು ಕಡೆಗೆ ಹಾಗೇ ದಾಟಿಸುತ್ತದೆ. ಆದರೆ ತಿರುಗುವ ದಿಕ್ಕು ಬದಲಾಗುತ್ತದೆ. ನೇರವಾಗಿ ಕಚ್ಚಿದ ಎರಡು ಗೇರುಗಳು ಒಂದಕ್ಕೊಂದು ವಿರುದ್ಧ ತಿರುಗುತ್ತವೆ, ನಡುವೆ ಒಂದು ಬಂದರೆ ಮೊದಲಿನದೂ ಕೊನೆಯದೂ ಒಂದೇ ಕಡೆಗೆ. ಬೆಲ್ಟು ಚೈನುಗಳಲ್ಲಿ ಎಲ್ಲವೂ ಒಂದೇ ದಿಕ್ಕು. ಅಡಿಕೆ ಯಂತ್ರಕ್ಕೆ ಬೇರೆ ಮೋಟಾರು ಹಾಕಿದಾಗ ಇದನ್ನು ಮೊದಲೇ ನೋಡಬೇಕು. ವೇಗ ಎಷ್ಟೇ ಸರಿಯಿರಲಿ, ಡ್ರಮ್ಮು ಹಿಂದಕ್ಕೆ ತಿರುಗಿದರೆ ಸುಲಿಯುವುದಿಲ್ಲ. ತ್ರೀ ಫೇಸ್ ಮೋಟಾರಾದರೆ ಯಾವುದಾದರೂ ಎರಡು ವಯರು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ.

ಲೇತಿನವನು ಪುಲ್ಲಿ ಕಡೆದುಕೊಟ್ಟ. ಬೋರು ಮೊದಲಿನದಕ್ಕಿಂತ ದೊಡ್ಡದು, ಏಕೆಂದರೆ ಅಷ್ಟೇ ಎಚ್‌ಪಿಯ ಆರು ಧ್ರುವದ ಮೋಟಾರು ದೊಡ್ಡ ಫ್ರೇಮಿನದು. 24 ಮಿಲಿಮೀಟರ್ ಶಾಫ್ಟಿನ ಬದಲು 28 ಇರುತ್ತದೆ. ನಿಧಾನವಾಗಿ ತಿರುಗಿ ಅಷ್ಟೇ ಕೆಲಸ ಮಾಡಬೇಕಾದ ಶಾಫ್ಟು ಹೆಚ್ಚು ತಿರುಚುಬಲ ಹೊರಬೇಕಲ್ಲ. ಈ ತಿರುಚುಬಲವೂ ಒಂದು ಪರೀಕ್ಷೆಯೇ. 2 ಎಚ್‌ಪಿ ಎಂದರೆ 1.5 ಕಿಲೋವಾಟ್. 1440ರಲ್ಲಿ ಅದು ಸುಮಾರು 10 ನ್ಯೂಟನ್ ಮೀಟರ್, 12 ಪಟ್ಟಾದರೆ ಡ್ರಮ್ಮಿನಲ್ಲಿ 120ರ ಹತ್ತಿರ. 960ರಲ್ಲಿ ಸುಮಾರು 15, ಅದರ 8 ಪಟ್ಟೂ 120. ಬೆಲ್ಟು ಚೈನಿನಲ್ಲಿ ಕಳೆದುಹೋಗುವುದು ಎರಡರಲ್ಲೂ ಇದೆ, ಅದನ್ನು ಬಿಟ್ಟಿದ್ದೇನೆ. ಮೋಟಾರು ಬದಲಾದರೂ ಡ್ರಮ್ಮಿಗೆ ಅದೇ ವೇಗ, ಅದೇ ಬಲ. ಯಾರಾದರೂ ಪುಲ್ಲಿ ಬದಲಿಸಿ ಡ್ರಮ್ಮಿನ ವೇಗವೂ ಹೆಚ್ಚಿತು, ಬಲವೂ ಹೆಚ್ಚಿತು ಎಂದು ಉತ್ತರ ತಂದರೆ ಅದನ್ನು ಅಲ್ಲೇ ತಿರಸ್ಕರಿಸಬಹುದು.

ಬೆಲ್ಟಿನ ಉದ್ದವೂ ಬದಲಾಗುತ್ತದೆ. ಎರಡು ಶಾಫ್ಟುಗಳ ನಡುವೆ 20 ಇಂಚು ಇದ್ದರೆ 3 ಇಂಚಿನ ಪುಲ್ಲಿಗೆ ಬೇಕಾಗಿದ್ದ ಬೆಲ್ಟಿಗಿಂತ 4.5 ಇಂಚಿನದಕ್ಕೆ ಸುಮಾರು 2 ಇಂಚು ಹೆಚ್ಚು ಬೇಕು. ಮೋಟಾರಿನ ಪೀಠದಲ್ಲಿ ಸರಿಸಲು ಉದ್ದ ತೂತುಗಳಿದ್ದರೆ ಒಂದು ಇಂಚು ಒಳಗೆ ತಂದು ಹಳೆಯ ಬೆಲ್ಟಿನಲ್ಲೇ ಸಾಗಿಸಬಹುದು.

ಎಲ್ಲ ಜೋಡಿಸಿದ ಮೇಲೆ ಕೈಯಿಂದ ತಿರುಗಿಸಿ ನೋಡುವ ಸರದಿ. ಮೊದಲು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಸ್ವಿಚ್ ಆಫ್ ಮಾಡಿದ್ದೇನೆ ಎನ್ನುವುದು ಸಾಲದು. ಮೋಟಾರಿನ ಪುಲ್ಲಿಯ ಮೇಲೆ ಒಂದು ಗೆರೆ, ಅದರ ಎದುರಿಗೆ ಚೌಕಟ್ಟಿನ ಮೇಲೆ ಇನ್ನೊಂದು ಗೆರೆ. ಡ್ರಮ್ಮಿಗೂ ಹಾಗೆಯೇ. ಗೆರೆಗಳನ್ನು ಕೂಡಿಸಿ ನಿಲ್ಲಿಸಿ, ಒಬ್ಬರು ಮೋಟಾರಿನ ಪುಲ್ಲಿಯನ್ನು ನಿಧಾನವಾಗಿ ತಿರುಗಿಸುತ್ತ ಎಣಿಸಬೇಕು, ಇನ್ನೊಬ್ಬರು ಡ್ರಮ್ಮಿನ ಗೆರೆ ನೋಡಬೇಕು. ಲೆಕ್ಕದ ಪ್ರಕಾರ 8 ಸುತ್ತಿಗೆ ಡ್ರಮ್ಮಿನ ಗೆರೆ ಮತ್ತೆ ಕೂಡಬೇಕು.

ಕೂಡುವುದಿಲ್ಲ. ಗಡಿಯಾರದ ಮುಖದಲ್ಲಿ ಎರಡು ನಿಮಿಷದಷ್ಟು ಹಿಂದೆ ನಿಲ್ಲುತ್ತದೆ. ಡ್ರಮ್ಮು ಹತ್ತು ಸುತ್ತು ಮುಗಿಸುವ ತನಕ ತಿರುಗಿಸಿದರೆ ಮೋಟಾರಿನ ಕಡೆ 80ರ ಬದಲು 83 ಎಣಿಕೆಯಾಗುತ್ತದೆ. ಇಲ್ಲಿ ಹೆಚ್ಚಿನವರು ಬೆಲ್ಟು ಜಾರುತ್ತಿದೆ ಎಂದುಕೊಂಡು ಮೋಟಾರನ್ನು ಎಳೆದು ಬಿಗಿ ಮಾಡಲು ಹೊರಡುತ್ತಾರೆ. ಆದರೆ ಹೊರೆಯೇ ಇಲ್ಲದೆ ಕೈಯಿಂದ ನಿಧಾನವಾಗಿ ತಿರುಗಿಸುವಾಗ ಬೆಲ್ಟು ಜಾರಲು ಕಾರಣವಿಲ್ಲ. ತಪ್ಪಿರುವುದು ಟೇಪು ಹಿಡಿದ ಜಾಗದಲ್ಲಿ.

ನಾವು 4.5 ಇಂಚು, 12 ಇಂಚು ಎಂದದ್ದು ಪುಲ್ಲಿಯ ಹೊರ ಅಂಚಿನ ಅಳತೆ. ವಿ ಬೆಲ್ಟು ಹೊರ ಅಂಚಿನ ಮೇಲೆ ಓಡುವುದಿಲ್ಲ, ಪುಲ್ಲಿಯಲ್ಲಿ ಕೊರೆದ ಗಾಡಿಯೊಳಗೆ ಇಳಿದು ಕೂತಿರುತ್ತದೆ. ಬೆಲ್ಟಿನೊಳಗೆ ಹುರಿಯ ಎಳೆಗಳಿರುವ ಮಟ್ಟದಲ್ಲಿ ಅಳೆದ ವ್ಯಾಸವೇ ಲೆಕ್ಕಕ್ಕೆ ಬರುವುದು, ಅದನ್ನು ಪಿಚ್ ವ್ಯಾಸ ಎನ್ನುತ್ತಾರೆ. ಎ ಸೆಕ್ಷನ್ ಗಾಡಿಯಲ್ಲಿ ಅದು ಹೊರ ಅಂಚಿಗಿಂತ ಒಂದೊಂದು ಬದಿಗೆ ಸುಮಾರು 3.3 ಮಿಲಿಮೀಟರ್ ಒಳಗೆ, ಅಂದರೆ ವ್ಯಾಸದಲ್ಲಿ 6.6 ಕಡಿಮೆ. 4.5 ಇಂಚಿನ ಪುಲ್ಲಿ 114.3 ಮಿಲಿಮೀಟರ್, ಬೆಲ್ಟಿಗೆ ಅದು 107.7. 12 ಇಂಚಿನದು 304.8, ಬೆಲ್ಟಿಗೆ 298.2. ಎರಡರಿಂದಲೂ ಕಳೆದದ್ದು ಒಂದೇ 6.6, ಆದರೆ ಸಣ್ಣದಕ್ಕೆ ಅದು ದೊಡ್ಡ ಪಾಲು, ದೊಡ್ಡದಕ್ಕೆ ಸಣ್ಣ ಪಾಲು. ಹಾಗಾಗಿ ಅನುಪಾತ 2.67ರ ಬದಲು 2.77 ಆಗುತ್ತದೆ. ಚೈನಿನ 3ರಿಂದ ಗುಣಿಸಿದರೆ 8.3. ಹತ್ತು ಸುತ್ತಿಗೆ 83 ಎಣಿಕೆ ಎಲ್ಲಿಂದ ಬಂತು ಎನ್ನುವುದು ಈಗ ತಿಳಿಯಿತು.

ಹಳೆಯ 3 ಇಂಚಿನ ಪುಲ್ಲಿಯಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿತ್ತು. 76.2ರಲ್ಲಿ 6.6 ಹೋಗಿ 69.6, ಅನುಪಾತ 4ರ ಬದಲು 4.28. ಅಂದರೆ ಆ ಯಂತ್ರದ ನಡುವಿನ ಶಾಫ್ಟು ಯಾವತ್ತೂ 360 ಓಡಿರಲೇ ಇಲ್ಲ, 336 ಓಡುತ್ತಿತ್ತು. ಡ್ರಮ್ಮು 120 ಅಲ್ಲ, 112. ಆ ವೇಗದಲ್ಲೇ ಅದು ಚೆನ್ನಾಗಿ ಸುಲಿಯುತ್ತಿತ್ತು. ಹೊಸದರಲ್ಲಿ 116 ಬರುತ್ತದೆ, ಹತ್ತಿರವೇ ಇದೆ. ಆದರೆ ಕಂಪನಿಯ ಪುಸ್ತಕದಲ್ಲಿ 120 ಎಂದೇ ಇದ್ದು, ಅದು ಕಟ್ಟುನಿಟ್ಟಾಗಿ ಬೇಕೆಂದಿದ್ದರೆ ಹೊರ ಅಳತೆಯಿಂದ ಕಡೆದ ಪುಲ್ಲಿ ಸಾಲುವುದಿಲ್ಲ; ಪಿಚ್ ವ್ಯಾಸದಲ್ಲಿ ಲೆಕ್ಕ ಮಾಡಿ, ಆಮೇಲೆ 6.6 ಸೇರಿಸಿ ಹೊರ ಅಂಚನ್ನು ಕಡೆಯಬೇಕು. ಇದೇ ಕೈತಿರುವು ಪರೀಕ್ಷೆಯಲ್ಲಿ ಚೈನಿನ ಭಾಗವನ್ನು ಮಾತ್ರ ನೋಡಿದರೆ ನಡುವಿನ ಶಾಫ್ಟಿನ 30 ಸುತ್ತಿಗೆ ಡ್ರಮ್ಮು ಸರಿಯಾಗಿ 10 ಬರುತ್ತದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಹಲ್ಲು ಹಲ್ಲೇ, ಅಲ್ಲಿ ಒಳ ಅಳತೆ ಹೊರ ಅಳತೆ ಎನ್ನುವ ಮಾತಿಲ್ಲ. ಗೇರು ಅಥವಾ ಚೈನಿನಲ್ಲಿ ಎಣಿಕೆ ಕೂಡದಿದ್ದರೆ ಹಲ್ಲು ಎಣಿಸಿದ್ದು ತಪ್ಪಿದೆ ಎಂದೇ ತಿಳಿಯಬೇಕು.

ಇಷ್ಟಾದ ಮೇಲೆ ಓಡಿಸಿ ಅಳೆಯುವುದು. ಬೆಳಕಿನ ಕಿರಣ ಬಿಡುವ ಟ್ಯಾಕೋಮೀಟರು ಈಗ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತದೆ. ಪುಲ್ಲಿಯ ಮುಖದ ಮೇಲೆ ಹೊಳೆಯುವ ಪಟ್ಟಿಯ ಒಂದು ತುಂಡು ಅಂಟಿಸಿ ಅದರತ್ತ ಹಿಡಿದರೆ ಸುತ್ತು ತೋರಿಸುತ್ತದೆ. ಹೊಸದಾಗಿ ಕಡೆದ ಪುಲ್ಲಿಯ ಮುಖ ತಾನೇ ಹೊಳೆಯುತ್ತಿದ್ದರೆ ಪಟ್ಟಿಯ ಜೊತೆ ಇನ್ನೊಂದು ಹೊಳಪನ್ನೂ ಎಣಿಸಿ ಸರಿಯಾಗಿ ಎರಡು ಪಟ್ಟು ತೋರಿಸುವುದುಂಟು. ಓದು ನಿರೀಕ್ಷೆಯ ಎರಡು ಪಟ್ಟು ಬಂದರೆ ಮೊದಲು ಉಪಕರಣವನ್ನೇ ಅನುಮಾನಿಸಿ, ಮುಖಕ್ಕೆ ಕಪ್ಪು ಬಳಿದು ಮತ್ತೆ ನೋಡಬೇಕು. ಟ್ಯಾಕೋಮೀಟರು ಇಲ್ಲದವರು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಗೆರೆ ಎಷ್ಟು ಸಲ ಹಾದುಹೋಯಿತು ಎಂದು ಎಣಿಸಬಹುದು. ಡ್ರಮ್ಮಿನದು ಸೆಕೆಂಡಿಗೆ ಎರಡು ಸುತ್ತಿಗಿಂತ ಕಡಿಮೆ, ಎಣಿಸಲು ಕಷ್ಟವಿಲ್ಲ.

ಈ ಹಂತದಲ್ಲಿ ಒಂದು ಮೋಸವಿದೆ, ಅದನ್ನು ಬಿಡಿಸಿ ಹೇಳಬೇಕು. ಅಡಿಕೆ ಹಾಕದೆ ಯಂತ್ರವನ್ನು ಖಾಲಿ ಓಡಿಸಿ ನಡುವಿನ ಶಾಫ್ಟಿಗೆ ಟ್ಯಾಕೋಮೀಟರ್ ಹಿಡಿದರೆ 357 ತೋರಿಸುತ್ತದೆ. ನಮ್ಮ ಮೊದಲ ಲೆಕ್ಕ 360. ನೋಡಿದವರು ಸರಿಯಿದೆ ಎಂದು ತೃಪ್ತಿಪಟ್ಟು ಮನೆಗೆ ಹೋಗುತ್ತಾರೆ. ನಿಜದಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ. ಖಾಲಿ ಓಡುವ ಮೋಟಾರು 960 ಅಲ್ಲ, 990 ಸುತ್ತು ಬರುತ್ತಿದೆ, ಅನುಪಾತ 2.67 ಅಲ್ಲ, 2.77 ಇದೆ. 990 ಅನ್ನು 2.77ರಿಂದ ಭಾಗಿಸಿದಾಗ ಬಂದದ್ದು ಈ 357. ಅಡಿಕೆ ಸುರಿದು ಹೊರೆ ಬಿದ್ದ ಮೇಲೆ ಮೋಟಾರು 960ಕ್ಕೆ ಇಳಿದರೆ ನಡುವಿನ ಶಾಫ್ಟು 347ಕ್ಕೆ ಬರುತ್ತದೆ, ಬೆಲ್ಟು ನೂರಕ್ಕೆ ಎರಡರಷ್ಟು ಜಾರಿದರೆ 340. ಡ್ರಮ್ಮು 113.

ಆದ್ದರಿಂದ ಬರೀ ನಡುವಿನ ಶಾಫ್ಟಿನ ವೇಗವನ್ನು ನೋಡಿ ತೀರ್ಮಾನಿಸಬಾರದು. ಅದೇ ಹೊರೆಯಲ್ಲಿ, ಅದೇ ಹೊತ್ತಿನಲ್ಲಿ ಮೋಟಾರಿನ ಸುತ್ತನ್ನೂ ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ ಅನುಪಾತ ತೆಗೆಯಬೇಕು. ಆ ಅನುಪಾತವನ್ನು ಸೂತ್ರದ 2.67ರ ಜೊತೆಗೆ ಹೋಲಿಸಬೇಡಿ, ಕೈತಿರುವಿನಲ್ಲಿ ಸಿಕ್ಕ 2.77ರ ಜೊತೆ ಹೋಲಿಸಿ. ಎರಡೂ ಒಂದೇ ಇದ್ದರೆ ಬೆಲ್ಟು ಜಾರುತ್ತಿಲ್ಲ. ಓಡುವಾಗಿನದು 2.82 ಬಂದರೆ ನೂರಕ್ಕೆ ಎರಡು ಜಾರುತ್ತಿದೆ, ವಿ ಬೆಲ್ಟಿಗೆ ಅದು ಸಹಜ. 2.95, 3 ಎಂದು ಹೋಯಿತೆಂದರೆ ಬೆಲ್ಟು ಸಡಿಲವಿದೆ ಅಥವಾ ಎಣ್ಣೆ ತಗುಲಿದೆ. ಮುಟ್ಟಿ ನೋಡಿದರೆ ಸಣ್ಣ ಪುಲ್ಲಿ ಕೈ ಸುಡುವಷ್ಟು ಬಿಸಿಯಾಗಿರುತ್ತದೆ, ರಬ್ಬರಿನ ಕಮಟು ವಾಸನೆ ಬರುತ್ತದೆ. ಮೋಟಾರಿನ ಸುತ್ತೇ 960ಕ್ಕಿಂತ ಬಹಳ ಇಳಿದು 930, 920 ಎಂದು ತೋರಿಸಿದರೆ ಪುಲ್ಲಿಯ ದೋಷ ಹುಡುಕುವುದು ವ್ಯರ್ಥ. ವೋಲ್ಟೇಜು ಕಡಿಮೆಯಿದೆ, ಇಲ್ಲವೇ ಹೊರೆ ಮೋಟಾರಿಗೆ ಮೀರಿದೆ. ಮೊದಲ ಮೋಟಾರು ಸುಟ್ಟದ್ದಕ್ಕೂ ಬಹುಶಃ ಇದೇ ಕಾರಣ ಇದ್ದಿರಬಹುದು, ಹೊಸದನ್ನು ಓಡಿಸುವ ಮೊದಲು ಆಂಪಿಯರ್ ಅಳೆಸಿಕೊಳ್ಳುವುದು ಒಳ್ಳೆಯದು.

ಒಮ್ಮೆ ಕೈತಿರುವಿನ ಎಣಿಕೆ ತೆಗೆದಿಟ್ಟುಕೊಂಡರೆ ಅದು ಮುಂದಿನ ಕೊಯ್ಲಿಗೂ ಉಪಯೋಗಕ್ಕೆ ಬರುತ್ತದೆ. ಬೆಲ್ಟು ಸವೆದಂತೆ ಅದರ ಬದಿಗಳು ತೆಳ್ಳಗಾಗಿ ಗಾಡಿಯಲ್ಲಿ ಇನ್ನಷ್ಟು ಕೆಳಗೆ ಕೂರುತ್ತದೆ. ಒಂದು ಮಿಲಿಮೀಟರ್ ಕೆಳಗಿಳಿದರೆ 4.5 ಇಂಚಿನ ಪುಲ್ಲಿಯ ಜೋಡಣೆಯಲ್ಲಿ ಅನುಪಾತ ನೂರಕ್ಕೆ ಒಂದರಷ್ಟು ಹೆಚ್ಚುತ್ತದೆ, 3 ಇಂಚಿನದರಲ್ಲಾದರೆ ಎರಡಕ್ಕಿಂತ ಜಾಸ್ತಿ. ಡ್ರಮ್ಮಿನ ಹತ್ತು ಸುತ್ತಿಗೆ ಮೋಟಾರಿನ 83 ಇದ್ದದ್ದು 84 ದಾಟಿತೆಂದರೆ ಬೆಲ್ಟು ಗಾಡಿಯ ತಳಕ್ಕೆ ತಾಗುವ ಹಂತಕ್ಕೆ ಬರುತ್ತಿದೆ. ತಳಕ್ಕೆ ತಾಗಿದ ವಿ ಬೆಲ್ಟು ಬದಿಗಳಿಂದ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಬೆಲ್ಟನ್ನು ಕೊನೆ ಇಳಿಸುವ ಮೊದಲೇ ಬದಲಿಸಬೇಕು.